ದಾನಿಗಳ ಮಾಸಿಕ ವರದಿಯಲ್ಲಿ ದಿನದ ರೀಚ್ ಕೂಡಿಸಬೇಡಿ

ಬೆಂಗಳೂರಿನ ಸೇವಾಸಂಸ್ಥೆಗಳಿಗೆ ಮಾಸಿಕ ವರದಿ ಬರೆಯುವವರಲ್ಲಿ ಒಂದು ವಿನಂತಿ: ಮೆಟಾ ಜಾಹೀರಾತು ಖಾತೆಯಿಂದ ಶೀಟ್‌ಗೆ ತಾನಾಗಿಯೇ ಬಂದು ಸೇರುವ ದಿನವಾರು ರೀಚ್ ಅಂಕಿಗಳನ್ನು ಕೂಡಿಸಿ, ಅದನ್ನೇ ತಿಂಗಳ ರೀಚ್ ಎಂದು ಬರೆಯಬೇಡಿ.

ರೀಚ್ ಎಂದರೆ ಜಾಹೀರಾತನ್ನು ಕನಿಷ್ಠ ಒಮ್ಮೆ ಕಂಡವರ ಸಂಖ್ಯೆ. ಜಯನಗರದ ಒಬ್ಬರು ಸೋಮವಾರವೂ ಗುರುವಾರವೂ ನೋಡಿದರೆ ದಿನಗಳ ಮೊತ್ತದಲ್ಲಿ ಅವರು ಇಬ್ಬರಾಗುತ್ತಾರೆ. ಉದಾಹರಣೆಗೆ, ದಿನಕ್ಕೆ 1,000 ಜನರಂತೆ 30 ದಿನ ಕೂಡಿಸಿದರೆ 30,000 ಆಗುತ್ತದೆ. ಹೆಚ್ಚಿನವರು ಮತ್ತೆ ಮತ್ತೆ ನೋಡಿದವರೇ ಆಗಿದ್ದರೆ ನಿಜವಾದ ಸಂಖ್ಯೆ 6,000 ಮಾತ್ರ ಇರಬಹುದು. ಆದ್ದರಿಂದ ದಿನವಾರು ವಿಂಗಡಣೆಯನ್ನು ತೆಗೆದು, ಇಡೀ ತಿಂಗಳನ್ನು ಅವಧಿಯಾಗಿ ಆಯ್ದು, ರೀಚನ್ನು ಪ್ರತ್ಯೇಕವಾಗಿ ತರಿಸಿಕೊಳ್ಳಿ. ಜಾಹೀರಾತು ಒಟ್ಟು ಎಷ್ಟು ಬಾರಿ ಪರದೆಯಲ್ಲಿ ಕಾಣಿಸಿಕೊಂಡಿತು ಎಂಬ ಲೆಕ್ಕವಾದ ಇಂಪ್ರೆಶನ್‌ಗಳನ್ನು ಮಾತ್ರ ಧೈರ್ಯವಾಗಿ ಕೂಡಿಸಬಹುದು. ತಿಂಗಳಿಡೀ ನಡೆದ ಅಭಿಯಾನದಲ್ಲಿ ಇಂಪ್ರೆಶನ್‌ಗಳನ್ನು ರೀಚ್‌ನಿಂದ ಭಾಗಿಸಿದಾಗ ಉತ್ತರ 1ಕ್ಕೆ ತೀರ ಹತ್ತಿರ ಬಂದರೆ, ಎಲ್ಲೋ ದಿನಗಳ ಮೊತ್ತ ನುಸುಳಿದೆಯೇ ಎಂದು ಪರಿಶೀಲಿಸಿ.

ದೇಣಿಗೆಯ ಮೊತ್ತವನ್ನು ಜಾಹೀರಾತು ಖಾತೆಯಿಂದಲ್ಲ, ನೀಡಿದ ರಸೀದಿಗಳಿಂದಲೇ, ಮರುಪಾವತಿಗಳನ್ನು ಕಳೆದು ತೆಗೆದುಕೊಳ್ಳಿ. ಬಳಿಕ ನಿರೂಪಣೆಯನ್ನು ಹೀಗೆ ಬರೆಯಬಹುದು: “ಸುಮಾರು 6,000 ಜನರು ಮನವಿಯನ್ನು ಸರಾಸರಿ ಐದು ಬಾರಿ ಕಂಡರು, ಅದೇ ತಿಂಗಳು 48 ಮಂದಿ ದೇಣಿಗೆ ನೀಡಿದರು.” ಜಾಹೀರಾತಿನ ಲಿಂಕ್‌ನಿಂದಲೇ ಬಂದವರೆಂದು ಗುರುತಿಸಲಾಗದಿದ್ದರೆ “ಇದರಿಂದಾಗಿ” ಎಂಬ ಪದವನ್ನು ದಯವಿಟ್ಟು ಸೇರಿಸಬೇಡಿ.