ಗಿಡ ಸತ್ತ ಕುಂಡದ ಮಣ್ಣು ಎಸೆಯಬೇಡಿ

ಮೊದಲು ಬೇರು ನೋಡಿ. ಬೇರು ಕೊಳೆತಿದ್ದರೆ ಅಥವಾ ಅದರ ಮೇಲೆ ಸಣ್ಣ ಗಂಟುಗಳಿದ್ದರೆ ಮಣ್ಣಲ್ಲಿ ರೋಗ ಅಥವಾ ಜಂತು ಇರಬಹುದು. ಆ ಮಣ್ಣನ್ನು ಬಿಸಿಲಲ್ಲಿ ಕಾಯಿಸಲೇಬೇಕು.

ಬೇರು, ಕಡ್ಡಿ ಎಲ್ಲ ಆರಿಸಿ ತೆಗೆದು ಹೆಂಟೆ ಪುಡಿ ಮಾಡಿ. ಆಮೇಲೆ ನೀರು ಚಿಮುಕಿಸಿ. ಹಿಡಿಯಲ್ಲಿ ಒತ್ತಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಸುಮ್ನೆ ಒಣಮಣ್ಣು ಹರಡಿದರೆ ಪ್ರಯೋಜನ ಕಮ್ಮಿ. ತೇವ ಇದ್ದರೇನೇ ಬಿಸಿ ಒಳಗೆ ಇಳಿಯುವುದು, ರೋಗಾಣು ಬೇಗ ಸಾಯುವುದು. ಈ ಮಣ್ಣನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ, ಒಂದು ಗೇಣಿಗಿಂತ ದಪ್ಪ ಆಗದ ಹಾಗೆ ಬಿಸಿಲಲ್ಲಿ ಮಲಗಿಸಿ. ಕಪ್ಪು ಚೀಲ ಬೇಡ, ಬಿಸಿಲು ಒಳಗೆ ಹೋಗುವುದಿಲ್ಲ. ಕಡು ಬೇಸಿಗೆಯಲ್ಲಿ 4ರಿಂದ 6 ವಾರ ಬಿಡಿ, ವಾರಕ್ಕೊಮ್ಮೆ ಮಗುಚಿ. ಚೀಲದ ಒಳಗೆ ನೀರಹನಿ ಕಾಣದಿದ್ದರೆ ಎಲ್ಲೋ ತೂತಾಗಿರಬಹುದು, ನೋಡಿ. ಮೋಡದ ದಿನಗಳಲ್ಲಿ ಇದು ಸರಿಯಾಗಿ ಆಗುವುದಿಲ್ಲ.

ಬಿಸಿಗೆ ಒಳ್ಳೆಯ ಸೂಕ್ಷ್ಮಜೀವಿಗಳೂ ಸಾಯುತ್ತವೆ ಅಲ್ವಾ? ಅದಕ್ಕೇ ಗೊಬ್ಬರ ಕೊನೆಗೆ. ಮೂರು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ, ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ, ತೇವವಾಗಿಟ್ಟು ಎರಡು ವಾರ ಬಿಟ್ಟು ನೆಡಿ.

ಟೊಮೆಟೊ ಗಿಡ ಹಸಿರಾಗಿದ್ದಾಗಲೇ ದಿಢೀರನೆ ಬಾಡಿ ಸತ್ತಿದ್ದರೆ, ಆ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ಹಾಕಬೇಡಿ. ಆ ಬಾಡುರೋಗ ಬಿಸಿಲಿಗೆ ಪೂರ್ತಿ ಹೋಗುತ್ತದೆಂದು ನಂಬುವಂತಿಲ್ಲ.