ನವೆಂಬರ್ ಬಿಲ್ಲುಗಳಿಂದ 3ಬಿ ಚಲನ್‌ವರೆಗೆ: ಒಂದು ಎಲೆಕ್ಟ್ರಿಕಲ್ ಅಂಗಡಿಯ ಜಿಎಸ್‌ಟಿ ಲೆಕ್ಕ

ಬಳ್ಳಾರಿಯ ಒಂದು ಸಣ್ಣ ಎಲೆಕ್ಟ್ರಿಕಲ್ ಅಂಗಡಿಯ 2025ರ ನವೆಂಬರ್ ಲೆಕ್ಕ ಇದು. ಸುಲಭವಾಗಿ ಕಾಣಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ. ವೈರು, ಸ್ವಿಚ್ಚು, ಫ್ಯಾನು, ಎಲ್‌ಇಡಿ ಬಲ್ಬು, ಎಲ್ಲಕ್ಕೂ ದರ 18%. ದರ ಒಂದೇ ಆಗಿದ್ದರೂ ಲೆಕ್ಕ ತಪ್ಪುವ ಜಾಗ ಬೇಕಾದಷ್ಟಿವೆ. ಅಂಗಡಿ ಪ್ರತಿ ತಿಂಗಳೂ ರಿಟರ್ನ್ ಹಾಕುತ್ತದೆ. ಅಂದರೆ ಡಿಸೆಂಬರ್ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 14ಕ್ಕೆ ನಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿಯಾದ 2ಬಿ ತಯಾರು, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ ಆದ 3ಬಿ.

ಮೊದಲು ಮಾರಾಟ. ಬಿಲ್ ಪುಸ್ತಕದ ಮೊದಲ ನಂಬರಿನಿಂದ ಕೊನೆಯ ನಂಬರಿನವರೆಗೆ ಸರಣಿ ನೋಡುತ್ತೇನೆ, ನಡುವೆ ಬಿಟ್ಟುಹೋದ ನಂಬರಿದ್ದರೆ ಅದು ರದ್ದಾದ ಬಿಲ್ಲೋ ಕಳೆದ ಬಿಲ್ಲೋ ಎಂದು ಆಗಲೇ ಬರೆದಿಡುತ್ತೇನೆ. ಆಮೇಲೆ ಬಿಲ್ಲುಗಳನ್ನು ಮೂರು ಗುಂಪು ಮಾಡುತ್ತೇನೆ. ಜಿಎಸ್‌ಟಿ ನಂಬರ್ ಇರುವ ಕರ್ನಾಟಕದ ಗಿರಾಕಿಗಳಿಗೆ ಹೋದ ಮಾಲು, ತೆರಿಗೆ ಬಿಟ್ಟು, 3,20,000 ರೂಪಾಯಿ. ಇದಕ್ಕೆ ಸಿಜಿಎಸ್‌ಟಿ 28,800, ಎಸ್‌ಜಿಎಸ್‌ಟಿ 28,800. ಆಂಧ್ರದ ಗುಂತಕಲ್ಲಿನ ಒಬ್ಬ ಗುತ್ತಿಗೆದಾರರಿಗೆ ಲಾರಿಯಲ್ಲಿ ಕಳಿಸಿದ ಮಾಲು 50,000, ಅದಕ್ಕೆ ಐಜಿಎಸ್‌ಟಿ 9,000. (ತೆರಿಗೆ ಸೇರಿ 59,000 ಆಗುವುದರಿಂದ ಇದಕ್ಕೆ ಇ-ವೇ ಬಿಲ್ ಬೇಕು. 50,000 ಎಂದೇ ನೋಡಿ ಬೇಡವೆಂದುಕೊಳ್ಳುವವರಿದ್ದಾರೆ.)

ಮೂರನೆಯದು ಕೌಂಟರ್ ಮಾರಾಟ. ಇಲ್ಲಿ ನಗದು ಪುಸ್ತಕದಲ್ಲಿ ಕಾಣುವ 2,83,200 ತೆರಿಗೆ ಸೇರಿದ ಮೊತ್ತ. ಇದಕ್ಕೆ ನೇರವಾಗಿ 18% ಹಾಕಿದರೆ 50,976 ಬರುತ್ತದೆ. ಅದು ತಪ್ಪು. ತೆರಿಗೆ ಒಳಗೇ ಇದೆ, ಹೊರತೆಗೆಯಬೇಕು: 2,83,200 × 18 ÷ 118 = 43,200. ಮಾಲಿನ ಬೆಲೆ 2,40,000, ತೆರಿಗೆ ಅರ್ಧರ್ಧ 21,600. ತಪ್ಪು ದಾರಿ ಹಿಡಿದಿದ್ದರೆ ಅಂಗಡಿಯವರು ತಮ್ಮ ಲಾಭದಿಂದ 7,776 ರೂಪಾಯಿ ಸುಮ್ಮನೆ ಕಟ್ಟುತ್ತಿದ್ದರು. ಗಲ್ಲಾ ಪೆಟ್ಟಿಗೆಯ ಮೊತ್ತದಿಂದ ಲೆಕ್ಕ ಹಾಕುವ ಅಂಗಡಿಗಳಲ್ಲಿ ನಾನು ಮೊದಲು ಹುಡುಕುವ ತಪ್ಪು ಇದೇ.

ಸ್ಥಳೀಯ ಗಿರಾಕಿಯೊಬ್ಬರು 20,000ದ ಮಾಲು ವಾಪಸ್ ಕೊಟ್ಟು ಕ್ರೆಡಿಟ್ ನೋಟ್ ಪಡೆದಿದ್ದಾರೆ, ಅದಕ್ಕೆ 1,800 + 1,800 ಕಳೆಯಬೇಕು. ಕೊನೆಗೆ ಮಾರಾಟದ ತೆರಿಗೆ: ಐಜಿಎಸ್‌ಟಿ 9,000, ಸಿಜಿಎಸ್‌ಟಿ 48,600, ಎಸ್‌ಜಿಎಸ್‌ಟಿ 48,600. ಇದನ್ನು ಜಿಎಸ್‌ಟಿಆರ್-1 ಹಾಕುವ ಮುನ್ನವೇ ಪಕ್ಕಾ ಮಾಡಿಕೊಳ್ಳಬೇಕು. 2025ರ ಜುಲೈ ತಿಂಗಳ ರಿಟರ್ನಿನಿಂದ ಈ ಅಂಕಿಗಳು 3ಬಿಯಲ್ಲಿ ತಾವಾಗಿಯೇ ಬಂದು ಕೂರುತ್ತವೆ, ಅಲ್ಲಿ ತಿದ್ದಲು ಬಿಡುವುದಿಲ್ಲ. ತಪ್ಪಿದ್ದರೆ 3ಬಿಗೆ ಮೊದಲು ಜಿಎಸ್‌ಟಿಆರ್-1ಎ ಹಾಕಿಯೇ ಸರಿಪಡಿಸಬೇಕು.

ಇನ್ನು ಖರೀದಿ. ಫೈಲಿನಲ್ಲಿರುವ ಬಿಲ್ಲುಗಳ ತೆರಿಗೆಯನ್ನೆಲ್ಲ ಕೂಡಿಸಿ ಇದಿಷ್ಟು ನಮ್ಮ ಇನ್‌ಪುಟ್, ಅಂದರೆ ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ಖರೀದಿಯ ತೆರಿಗೆ, ಎಂದು ಹೇಳುವ ಕಾಲ ಮುಗಿದಿದೆ. ಬಿಲ್ ಕೈಯಲ್ಲಿರಬೇಕು, ಮಾಲು ಅಂಗಡಿಗೆ ಬಂದಿರಬೇಕು, ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿ ಅದು ನಮ್ಮ 2ಬಿಯಲ್ಲಿ ಬಂದಿರಬೇಕು. ಅದಕ್ಕೇ ಖರೀದಿ ರಿಜಿಸ್ಟರ್ ಒಂದು ಪಕ್ಕ, 2ಬಿಯ ಎಕ್ಸೆಲ್ ಇನ್ನೊಂದು ಪಕ್ಕ ಇಟ್ಟು, ಮಾರಿದವರ ಜಿಎಸ್‌ಟಿ ನಂಬರ್, ಬಿಲ್ ನಂಬರ್, ತೆರಿಗೆ ಮೂರನ್ನೂ ತಾಳೆ ನೋಡುತ್ತೇನೆ. ಬಿಲ್ ನಂಬರಿನಲ್ಲಿ ಒಂದು ಸೊನ್ನೆಯೋ ಅಡ್ಡಗೆರೆಯೋ ಹೆಚ್ಚು ಕಡಿಮೆ ಇದ್ದರೆ ಎಕ್ಸೆಲ್ ಸೂತ್ರ ಸಿಗಲಿಲ್ಲ ಎನ್ನುತ್ತದೆ, ಅಂಥವನ್ನು ಕಣ್ಣಲ್ಲೇ ನೋಡಬೇಕು.

ಈ ತಿಂಗಳ ಖರೀದಿ ಹೀಗಿತ್ತು. ಬೆಂಗಳೂರಿನ ಡೀಲರುಗಳಿಂದ 2,60,000, ತೆರಿಗೆ 23,400 + 23,400, ಎಲ್ಲವೂ ತಾಳೆಯಾದವು. ಹೈದರಾಬಾದಿನಿಂದ ವೈರು 1,50,000, ಐಜಿಎಸ್‌ಟಿ 27,000, ಅದೂ ಸರಿ. ಆಡಿಟರ್ ಫೀ ಮತ್ತು ಇಂಟರ್‌ನೆಟ್ ಸೇರಿ 6,000, ತೆರಿಗೆ 540 + 540. ಸಣ್ಣದೆಂದು ಇಂಥ ಖರ್ಚಿನ ಬಿಲ್ಲುಗಳನ್ನು ಬಿಡುವವರೇ ಹೆಚ್ಚು. ಜಿಎಸ್‌ಟಿ ನಂಬರ್ ಕೊಟ್ಟು ಬಿಲ್ ಮಾಡಿಸಿದರೆ ಇದೂ ಇನ್‌ಪುಟ್ಟೇ. ಉಳಿದ ನಾಲ್ಕು ಬಿಲ್ಲುಗಳಲ್ಲಿ ಒಂದೊಂದಕ್ಕೂ ಒಂದೊಂದು ತೊಡಕು.

ಒಂದನೆಯದು, ಬೆಂಗಳೂರಿನದೇ ಇನ್ನೊಬ್ಬ ಡೀಲರಿನ 40,000ದ ಬಿಲ್. ತೆರಿಗೆ 3,600 + 3,600. ಮಾಲು ಬಂದಿದೆ, ಹಣವೂ ಸಂದಿದೆ, ಆದರೆ 2ಬಿಯಲ್ಲಿಲ್ಲ. ಇಲ್ಲಿ ಫೋನ್ ಮಾಡುವ ಮುಂಚೆ ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಅವರ ನಂಬರ್ ಹಾಕಿ ರಿಟರ್ನ್ ಸ್ಥಿತಿ ನೋಡುತ್ತೇನೆ, ಏಕೆಂದರೆ ಕಾರಣ ಅಲ್ಲೇ ಸಿಗುತ್ತದೆ. ನವೆಂಬರ್ ಜಿಎಸ್‌ಟಿಆರ್-1 ಇನ್ನೂ ಹಾಕಿಲ್ಲವಾದರೆ ತಡವಾಗಿದೆ ಅಷ್ಟೇ. ಅವರು ಹಾಕಿದ ಮೇಲೆ ಮುಂದಿನ 2ಬಿಯಲ್ಲಿ ಬರುತ್ತದೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾಗಿದ್ದು, 13ರೊಳಗೆ ತಿಂಗಳ ಬಿಲ್ಲುಗಳನ್ನು ಐಎಫ್‌ಎಫ್ ಎಂಬ ಪೋರ್ಟಲ್ ಸೌಲಭ್ಯದಲ್ಲಿ ಹಾಕದಿದ್ದರೆ ಡಿಸೆಂಬರ್ ಮುಗಿದ ಮೇಲೇ ಕಾಣುವುದು. ರಿಟರ್ನ್ ಹಾಕಿದ್ದೂ ಆಗಿದೆ, ಬಿಲ್ ಮಾತ್ರ ಇಲ್ಲ ಎಂದಾದರೆ ಅವರು ನಮ್ಮ ನಂಬರ್ ತಪ್ಪು ಬರೆದಿರಬೇಕು, ಇಲ್ಲವೇ ನಂಬರಿಲ್ಲದ ಗಿರಾಕಿಯೆಂದು ಹಾಕಿರಬೇಕು. ಇದು ತಾನಾಗಿ ಸರಿಯಾಗುವುದಿಲ್ಲ, ಅವರು ತಿದ್ದುಪಡಿ ಹಾಕಬೇಕು. ಏನೇ ಇದ್ದರೂ ಈ 7,200 ಈ ತಿಂಗಳು ಸಿಗುವುದಿಲ್ಲ. ಪ್ರತ್ಯೇಕ ಹಾಳೆಯಲ್ಲಿ ಬರೆದಿಟ್ಟು ಪ್ರತಿ ತಿಂಗಳು 2ಬಿಯಲ್ಲಿ ಹುಡುಕುತ್ತೇನೆ. 2025-26ರ ಬಿಲ್ಲುಗಳಿಗೆ ಇನ್‌ಪುಟ್ ಪಡೆಯಲು ಗಡುವು 2026ರ ನವೆಂಬರ್ 30. ವಾರ್ಷಿಕ ರಿಟರ್ನನ್ನು ಅದಕ್ಕೂ ಮೊದಲೇ ಹಾಕಿಬಿಟ್ಟರೆ ಗಡುವು ಅಂದೇ ಮುಗಿಯುತ್ತದೆ.

ಎರಡನೆಯದು ಇದರ ತಿರುಗುಮುರುಗು. ಮುಂಬೈನ ಫ್ಯಾನುಗಳ ಬಿಲ್ 30,000, ಐಜಿಎಸ್‌ಟಿ 5,400. ಬಿಲ್ ತಾರೀಕು ನವೆಂಬರ್ 29, 2ಬಿಯಲ್ಲಿ ಬಂದಿದೆ. ಆದರೆ ಲಾರಿ ಅಂಗಡಿಗೆ ಬಂದದ್ದು ಡಿಸೆಂಬರ್ 3ಕ್ಕೆ. ನವೆಂಬರಿನಲ್ಲಿ ಮಾಲು ಕೈಗೆ ಬಂದಿಲ್ಲ, ಆದ್ದರಿಂದ ನವೆಂಬರಿನಲ್ಲಿ ಇನ್‌ಪುಟ್ ಇಲ್ಲ. 3ಬಿಯ 4(A)(5) ಕಲಮಿನಲ್ಲಿ ತೋರಿಸಿ 4(B)(2)ರಲ್ಲಿ ಹಿಂತೆಗೆಯಬೇಕು. ಡಿಸೆಂಬರ್ 3ಬಿಯಲ್ಲಿ ಮತ್ತೆ 4(A)(5)ರಲ್ಲಿ ತೆಗೆದುಕೊಂಡು, ಅದೇ ಮೊತ್ತವನ್ನು 4(D)(1)ರಲ್ಲೂ ಬರೆಯಬೇಕು. ಬಂದ ಬಿಲ್ಲುಗಳನ್ನು ಒಪ್ಪುವ, ತಿರಸ್ಕರಿಸುವ ಪೋರ್ಟಲ್ಲಿನ ಐಎಂಎಸ್‌ನಲ್ಲಿ ಈ ಬಿಲ್ಲನ್ನು ಪೆಂಡಿಂಗ್ ಇಟ್ಟರೆ ಈ ತಿಂಗಳ 2ಬಿಗೇ ಬರುವುದಿಲ್ಲ, ಅದೂ ಒಂದು ದಾರಿ. 14ರ ನಂತರ ಹಾಗೆ ಮಾಡಿದರೆ 2ಬಿಯನ್ನು ಮತ್ತೆ ಲೆಕ್ಕ ಹಾಕಿಸಬೇಕು, ಇಲ್ಲದಿದ್ದರೆ ಹಳೆಯ ಅಂಕಿಯೇ 3ಬಿಗೆ ಬರುತ್ತದೆ.

ಮೂರನೆಯದು ಮಾಲೀಕರ ಕಾರಿನ ಸರ್ವಿಸ್ ಬಿಲ್, 10,000ಕ್ಕೆ 900 + 900. ಅಂಗಡಿಯ ಹೆಸರಿನಲ್ಲೇ ಇದೆ, 2ಬಿಯಲ್ಲೂ ಇದೆ. ಆದರೂ ಇನ್‌ಪುಟ್ ಇಲ್ಲ. ಜನರನ್ನು ಒಯ್ಯುವ ಸಾಮಾನ್ಯ ಕಾರಿನ ರಿಪೇರಿ ಕಾಯಿದೆಯ 17(5)ರಲ್ಲಿ ತಡೆದ ಪಟ್ಟಿಯಲ್ಲಿದೆ. 2ಬಿ ಈ ಪಟ್ಟಿಯನ್ನು ನೋಡಿ ಸೋಸುವುದಿಲ್ಲ, ಆ ಕೆಲಸ ನಮ್ಮದು. 4(A)(5)ರಲ್ಲಿ ಬಂದಿರುವ ಇದನ್ನು 4(B)(1)ರಲ್ಲಿ ಕಳೆಯುತ್ತೇನೆ. ಇದು ಕಾಯಂ ಆಗಿ ಹೋದ ಹಣ, 4(B)(2)ರಲ್ಲಿ ಬರೆದರೆ ಮುಂದೆ ಮರಳಿ ಪಡೆಯಬಹುದಾದ ಮೊತ್ತವೆಂದು ಲೆಡ್ಜರಿನಲ್ಲಿ ತಪ್ಪಾಗಿ ನಿಲ್ಲುತ್ತದೆ.

ನಾಲ್ಕನೆಯದಕ್ಕೆ ಬಿಲ್ಲೇ ಇಲ್ಲ, ಅದೇ ತೊಂದರೆ. ಅಂಗಡಿಯ ಬಾಡಿಗೆ ತಿಂಗಳಿಗೆ 15,000, ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲ. 2024ರ ಅಕ್ಟೋಬರ್ 10ರಿಂದ ಇಂಥ ವಾಣಿಜ್ಯ ಬಾಡಿಗೆಗೆ ತೆರಿಗೆ ಕಟ್ಟುವುದು ಬಾಡಿಗೆದಾರರೇ, ರಿವರ್ಸ್ ಚಾರ್ಜಿನಲ್ಲಿ, 18%. ಅಂದರೆ 1,350 + 1,350. 2ಬಿ ಇದನ್ನು ತೋರಿಸುವುದಿಲ್ಲ, ಜಿಎಸ್‌ಟಿಆರ್-1ರಿಂದಲೂ ಬರುವುದಿಲ್ಲ. ನಾವೇ ನಮ್ಮ ಹೆಸರಿಗೆ ಬಿಲ್ ಬರೆದುಕೊಂಡು 3ಬಿಯ 3.1(d)ಯಲ್ಲಿ ಕೈಯಾರೆ ಹಾಕಬೇಕು. ಇದನ್ನು ಇನ್‌ಪುಟ್‌ನಿಂದ ತೀರಿಸಲಾಗದು, ನಗದೇ ಕಟ್ಟಬೇಕು. ಕಟ್ಟಿದ ಮೇಲೆ ಅಷ್ಟನ್ನೂ ಅದೇ ತಿಂಗಳು 4(A)(3)ರಲ್ಲಿ ಇನ್‌ಪುಟ್ ಆಗಿ ಪಡೆಯಬಹುದು. ಕೊಟ್ಟು ತೆಗೆದುಕೊಳ್ಳುವುದರಲ್ಲಿ ಏನಿದೆ ಎಂದು ಬಿಟ್ಟುಬಿಡಬಾರದು, ಕಟ್ಟದಿದ್ದರೆ ತೆರಿಗೆಯ ಜೊತೆಗೆ ವರ್ಷಕ್ಕೆ 18% ಬಡ್ಡಿಯೂ ಸೇರುತ್ತದೆ.

ಈಗ ಕೂಡಿಸೋಣ. 2ಬಿಯ ಐಜಿಎಸ್‌ಟಿ 32,400ರಲ್ಲಿ ಫ್ಯಾನಿನ 5,400 ಕಳೆದರೆ 27,000. ಸಿಜಿಎಸ್‌ಟಿ 2ಬಿಯಂತೆ 24,840, ಅದರಲ್ಲಿ ಕಾರಿನ 900 ಕಳೆದು ಬಾಡಿಗೆಯ 1,350 ಸೇರಿಸಿದರೆ 25,290. ಎಸ್‌ಜಿಎಸ್‌ಟಿಯೂ ಅಷ್ಟೇ, 25,290.

ತೀರಿಸುವ ಕ್ರಮಕ್ಕೆ ನಿಯಮವಿದೆ. ಐಜಿಎಸ್‌ಟಿ ಇನ್‌ಪುಟ್ ಮೊದಲು ಪೂರ್ತಿ ಖಾಲಿಯಾಗಬೇಕು. ಅದು ಮೊದಲು ಐಜಿಎಸ್‌ಟಿ ಬಾಕಿಗೆ, ಉಳಿದದ್ದು ಸಿಜಿಎಸ್‌ಟಿ ಎಸ್‌ಜಿಎಸ್‌ಟಿಗಳಿಗೆ ನಮಗೆ ಬೇಕಾದ ಪ್ರಮಾಣದಲ್ಲಿ. ಸಿಜಿಎಸ್‌ಟಿ ಇನ್‌ಪುಟ್ಟಿನಿಂದ ಎಸ್‌ಜಿಎಸ್‌ಟಿ ತೀರಿಸುವಂತಿಲ್ಲ, ಎಸ್‌ಜಿಎಸ್‌ಟಿಯಿಂದ ಸಿಜಿಎಸ್‌ಟಿಯೂ ಇಲ್ಲ. ನಮ್ಮ 27,000ದಲ್ಲಿ 9,000 ಐಜಿಎಸ್‌ಟಿಗೆ ಹೋಯಿತು. ಉಳಿದ 18,000ವನ್ನು 9,000ದಂತೆ ಹಂಚಿದೆ. 48,600 − 9,000 − 25,290 = 14,310. ಎರಡೂ ಕಡೆ ಇಷ್ಟೇ, ಒಟ್ಟು 28,620. ಬಾಡಿಗೆಯ 2,700 ಸೇರಿ ಚಲನ್ 31,320.

ಈ ತಿಂಗಳು 18,000ವನ್ನು ಪೂರ್ತಿ ಸಿಜಿಎಸ್‌ಟಿಗೆ ಹಾಕಿದ್ದರೂ ಒಟ್ಟು ಅಷ್ಟೇ ಆಗುತ್ತಿತ್ತು. ವ್ಯಾಪಾರ ಇಳಿದ ತಿಂಗಳಲ್ಲಿ ಹಾಗಲ್ಲ. ಬಾಕಿ ಎರಡೂ ಕಡೆ 25,000, ಇನ್‌ಪುಟ್ ಎರಡೂ ಕಡೆ 22,000, ಐಜಿಎಸ್‌ಟಿಯಲ್ಲಿ ಉಳಿದದ್ದು 10,000 ಎಂದಿಟ್ಟುಕೊಳ್ಳಿ. ಪೂರ್ತಿ ಸಿಜಿಎಸ್‌ಟಿಗೆ ಸುರಿದರೆ ಆ ಕಡೆ 7,000 ಇನ್‌ಪುಟ್ ಬಳಕೆಯಾಗದೆ ಕೂರುತ್ತದೆ, ಈ ಕಡೆ ಎಸ್‌ಜಿಎಸ್‌ಟಿಗೆ 3,000 ಕೈಯಿಂದ ಕಟ್ಟಬೇಕು. 5,000ದಂತೆ ಹಂಚಿದರೆ ಒಂದು ರೂಪಾಯಿಯೂ ಕಟ್ಟಬೇಕಿಲ್ಲ. ಪೋರ್ಟಲ್ ತೋರಿಸುವ ಹಂಚಿಕೆಯನ್ನು ಒಮ್ಮೆ ನೋಡಿಯೇ ಮುಂದೆ ಹೋಗುವುದು ಇದಕ್ಕೆ.

ಚಲನ್ ಮಾಡುವಾಗ ಸಿಜಿಎಸ್‌ಟಿ ತೆರಿಗೆಯ ಕಲಮಿನಲ್ಲಿ 15,660, ಎಸ್‌ಜಿಎಸ್‌ಟಿ ತೆರಿಗೆಯಲ್ಲಿ 15,660. ಪೂರ್ತಿ ಹಣ ಒಂದೇ ತೆರಿಗೆಯ ಕಡೆಗೆ ಹೋದರೆ, ಅಥವಾ ತೆರಿಗೆಯ ಬದಲು ಬಡ್ಡಿ ಕಲಮಿಗೆ ಬಿದ್ದರೆ, ಕ್ಯಾಶ್ ಲೆಡ್ಜರಿನಲ್ಲಿ ಹಣವಿದ್ದೂ 3ಬಿ ಸಾಲದು ಎನ್ನುತ್ತದೆ. ಆಗ ಮತ್ತೆ ಹಣ ಕಟ್ಟುವುದು ಬೇಡ, ಪಿಎಂಟಿ-09 ಫಾರಂನಲ್ಲಿ ಸರಿಯಾದ ಕಲಮಿಗೆ ವರ್ಗಾಯಿಸಿಕೊಂಡು 3ಬಿ ಮುಗಿಸಬಹುದು.