ಒಂದೇ ಹೊತ್ತಿಗೆ ಎರಡು ಸಂದರ್ಶನ: ಗಿಣಿಗೇರಾಕ್ಕೆ ಬರೆದ ಪತ್ರ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೊಂದು ಮಂಗಳವಾರ ಬೆಳಿಗ್ಗೆ 11ಕ್ಕೆ ಸಂದರ್ಶನಕ್ಕೆ ಕರೆದಿತ್ತು. ಒಪ್ಪಿಗೆ ಕಳುಹಿಸಿದ ಬೆನ್ನಿಗೇ ಗಿಣಿಗೇರಾ ಕಡೆಯ ಕಬ್ಬಿಣದ ಅದಿರಿನ ಪೆಲೆಟ್ ಘಟಕದಿಂದಲೂ ಇಮೇಲ್ ಬಂತು. ಅದೇ ಮಂಗಳವಾರ, ಅದೇ 11. ಎರಡೂ ಮೆಕ್ಯಾನಿಕಲ್ ಮೇಂಟೆನೆನ್ಸ್ ಹುದ್ದೆಗಳೇ. ನನಗೆ ಬೇಕಿದ್ದದ್ದು ತೋರಣಗಲ್ಲು. ಬಳ್ಳಾರಿಯ ನಮ್ಮ ಮನೆಯಿಂದ ಮೂವತ್ತು ಕಿಲೋಮೀಟರ್ ಆಸುಪಾಸು, ಸಂಬಳವೂ ಹೆಚ್ಚು. ಗಿಣಿಗೇರಾಕ್ಕಾದರೆ ಹೊಸಪೇಟೆಯನ್ನೂ ದಾಟಿ ಹೋಗಬೇಕು.

ಗಿಣಿಗೇರಾದವರಿಗೆ ಬರೆದು ದಿನ ಬದಲಿಸಿಕೊಳ್ಳುತ್ತೇನೆ ಎಂದಾಗ ಭಾವ ನಕ್ಕರು. "ನೀನೇನು ದೊಡ್ಡ ಸಾಹೇಬನೇ? ಹೆಸರು ಹೊಡೆದುಹಾಕುತ್ತಾರೆ. ಸುಮ್ಮನೆ ಜ್ವರ ಎಂದು ಹೇಳಿಬಿಡು" ಎಂದರು.

ಜ್ವರದ ಗತಿ ಏನಾಗುತ್ತದೆ ಎಂಬುದನ್ನು ನಮ್ಮ ಶಿಫ್ಟಿನ ಗೆಳೆಯನೊಬ್ಬನಲ್ಲಿ ನೋಡಿದ್ದೆ. ಈ ಭಾಗದ ಕಾರ್ಖಾನೆಗಳ ಗುತ್ತಿಗೆದಾರರು, ಸೂಪರ್‌ವೈಸರ್‌ಗಳು ಇಲ್ಲಿಂದಲ್ಲಿಗೆ ಓಡಾಡುತ್ತಲೇ ಇರುತ್ತಾರೆ. ಜ್ವರವೆಂದು ಬರೆದವನನ್ನು ಅದೇ ದಿನ ಇನ್ನೊಂದು ಗೇಟಿನಲ್ಲಿ ಯಾರೋ ಕಂಡರು. ಜ್ವರವೆಂದು ಬರೆದ ಕಡೆಯಿಂದ ಅವನಿಗೆ ಮತ್ತೆ ಕರೆಯೇ ಬರಲಿಲ್ಲ. ಎರಡೂ ಕಡೆ ಮುಗಿಸುವ ಸಾಹಸವನ್ನು ನಾನೇ ಹಿಂದೊಮ್ಮೆ ಮಾಡಿದ್ದೆ. ಕಾರು ಬಾಡಿಗೆಗೆ ಹೆಚ್ಚುಕಡಿಮೆ ಮೂರು ಸಾವಿರ ಹೋಯಿತು. ಹತ್ತು ಗಂಟೆಗೆಂದು ಕರೆದವರು ನನ್ನನ್ನು ಒಳಗೆ ಬಿಟ್ಟದ್ದು ಊಟದ ನಂತರ. ಎರಡನೆಯದಕ್ಕೆ ತಲುಪುವ ಹೊತ್ತಿಗೆ ಅಲ್ಲಿನ ಎಂಜಿನಿಯರ್‌ಗಳು ಮನೆಗೆ ಹೋಗಿದ್ದರು.

ಈ ಸಲ ಮೊದಲು ಮಾಡಿದ್ದು ತೋರಣಗಲ್ಲಿನವರಿಂದ ದಿನ, ಹೊತ್ತು, ಸ್ಥಳ ಮೂರನ್ನೂ ಲಿಖಿತವಾಗಿ ತರಿಸಿಕೊಂಡದ್ದು. ಫೋನಿನಲ್ಲಿ ಹೇಳಿದ ದಿನವನ್ನು ನಂಬಿ ಇನ್ನೊಂದನ್ನು ಮುಂದೂಡಿ, ಕೊನೆಗೆ ಮೊದಲನೆಯದೂ ರದ್ದಾದವರನ್ನು ಕಂಡಿದ್ದೇನೆ. ಆಮೇಲೆ ಗಿಣಿಗೇರಾದ ಇಮೇಲ್‌ಗೇ ಉತ್ತರವಾಗಿ, ಬಂದ ದಿನವೇ ಬರೆದೆ. ಹೊಸ ಇಮೇಲ್ ಮಾಡಿದರೆ ಅವರು ಹಳೆಯದನ್ನು ಹುಡುಕಬೇಕು, ಹುಡುಕುವುದಿಲ್ಲ. ಇಂಗ್ಲಿಷಿನಲ್ಲಿದ್ದ ಅದರ ಸಾರ ಇಷ್ಟು:

"ಮಂಗಳವಾರದ ಸಂದರ್ಶನಕ್ಕೆ ಕರೆದದ್ದಕ್ಕೆ ಧನ್ಯವಾದಗಳು. ಈ ಹುದ್ದೆಯಲ್ಲಿ ನನಗೆ ಆಸಕ್ತಿ ಇದೆ. ಆದರೆ ಆ ಹೊತ್ತಿಗೆ ನಾನು ಮೊದಲೇ ಒಪ್ಪಿಕೊಂಡ, ಬದಲಿಸಲಾಗದ ಕೆಲಸವೊಂದಿದೆ. ಬುಧವಾರ ಮಧ್ಯಾಹ್ನ 2ರ ನಂತರ ಅಥವಾ ಗುರುವಾರ ಯಾವ ಹೊತ್ತಿಗಾದರೂ ಬರಬಲ್ಲೆ. ಅದು ಆಗದಿದ್ದರೆ ಸೋಮವಾರ ಸಂಜೆ ವಿಡಿಯೊ ಕರೆಗೂ ಸಿದ್ಧನಿದ್ದೇನೆ. ಗೇಟ್ ಪಾಸ್‌ಗೆ ಬೇಕಾದ ವಿವರಗಳನ್ನು ಜೊತೆಗೆ ಕಳುಹಿಸಿದ್ದೇನೆ."

ಕೆಲಸ ನಡೆದದ್ದು ಕೊನೆಯ ವಾಕ್ಯದಿಂದ ಎಂದೇ ನನ್ನ ನಂಬಿಕೆ. ಕಾರ್ಖಾನೆಯಲ್ಲಿ ದಿನ ಬದಲಾದರೆ ಎಚ್‌ಆರ್‌ಗೆ ಹೊಸ ಪಾಸ್ ಮಾಡಿಸುವ ತಲೆನೋವು, ಮೇಂಟೆನೆನ್ಸ್ ಮುಖ್ಯಸ್ಥರ ಬಿಡುವು ಹುಡುಕುವ ತಲೆನೋವು. ಮೊದಲನೆಯದನ್ನು ನಾನೇ ಕಡಿಮೆ ಮಾಡಿಕೊಟ್ಟೆ. ಎರಡನೆಯದಕ್ಕೆಂದು, ಆ ಘಟಕದಲ್ಲಿ ವೆಲ್ಡಿಂಗ್ ಗುತ್ತಿಗೆ ಹಿಡಿದಿದ್ದ ಪರಿಚಯದವರನ್ನು ವಿಚಾರಿಸಿ, ದುರಸ್ತಿಗೆಂದು ಯಂತ್ರ ನಿಲ್ಲಿಸುವ ಶಟ್‌ಡೌನ್ ಇದ್ದ ಶುಕ್ರವಾರವನ್ನು ಬಿಟ್ಟೆ. ಶಟ್‌ಡೌನ್ ದಿನ ಮೇಂಟೆನೆನ್ಸ್‌ನವರನ್ನು ಸಂದರ್ಶನಕ್ಕೆ ಕೂರಿಸಲು ದೇವರಿಂದಲೂ ಆಗದು. ಮಂಗಳವಾರ ಮಧ್ಯಾಹ್ನವನ್ನೂ ಬೇಕೆಂದೇ ಕೊಡಲಿಲ್ಲ, ಕಾರಿನ ಮೂರು ಸಾವಿರ ನೆನಪಿತ್ತು. ವಿಷಯದ ಸಾಲಿನಲ್ಲಿ ನಾನು ಸೇರಿಸುವ ಒಂದು ಪದವಿದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಎಲ್ಲರೂ ಬಳಸಿದರೆ ಅದರ ಬೆಲೆ ಇಳಿಯುತ್ತದೆ.

ಸಂಜೆಯವರೆಗೆ ಉತ್ತರವಿಲ್ಲ. ಮರುದಿನ ಹತ್ತೂವರೆಯ ಸುಮಾರಿಗೆ ಫೋನ್ ಮಾಡಿದೆ. ಅದಕ್ಕೂ ಮುಂಚೆ ಜನರಲ್ ಶಿಫ್ಟಿನವರು ಬೆಳಗಿನ ಮೀಟಿಂಗ್‌ನಲ್ಲಿರುತ್ತಾರೆ. ಎಚ್‌ಆರ್ ನೇರವಾಗಿ ಕೇಳಿದರು: "ಬೇರೆ ಕಡೆ ಸಂದರ್ಶನವೇ?" "ಹೌದು ಸರ್, ಅವರಿಗೆ ಮೊದಲೇ ಮಾತು ಕೊಟ್ಟಿದ್ದೆ" ಎಂದೆ, ಹೆಸರು ಹೇಳಲಿಲ್ಲ. ಅವರೂ ಕೆದಕಲಿಲ್ಲ. ಗುರುವಾರ ಬನ್ನಿ ಎಂದರು. ಭಾವನಿಗೆ ಇದನ್ನು ಹೇಳಿ ಒಂದು ಚಹಾ ವಸೂಲಿ ಮಾಡಿದೆ.

ಇದೇ ಸಂದೇಶವನ್ನು ಬೇರೆಯವರ ಪರವಾಗಿ ವಾಟ್ಸ್‌ಆ್ಯಪ್‌ನಲ್ಲೂ ಪ್ರಯತ್ನಿಸಿದೆ. ನೀಲಿ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ವಾಕ್-ಇನ್‌ಗೆ ಈ ಪತ್ರ ವ್ಯರ್ಥ. ದೂರದ ಕೇಂದ್ರ ಕಚೇರಿಯಿಂದ ಒಂದೇ ದಿನಕ್ಕೆಂದು ಅಧಿಕಾರಿಗಳು ಬರುವ ಕಡೆಯೂ ಸಾಗದು. ಅಂಥಲ್ಲಿ ವಿಡಿಯೊ ಕರೆಯನ್ನೇ ಮೊದಲು ಕೇಳಬೇಕು. ಇನ್ನೊಂದು ಮಾತು: ಮೆಚ್ಚಿನ ಕಂಪನಿಯದು ಮೊದಲ ಸುತ್ತು, ಇನ್ನೊಂದರದು ಕೊನೆಯ ಸುತ್ತು ಆಗಿದ್ದರೆ ನಾನು ಮೆಚ್ಚಿನವರಿಗೇ ಬರೆಯುತ್ತೇನೆ. ಮೊದಲ ಸುತ್ತು ಹೆಚ್ಚಾಗಿ ಒಬ್ಬರೇ ನಡೆಸುವುದರಿಂದ ಸುಲಭವಾಗಿ ಮುಂದೆ ಹೋಗುತ್ತದೆ. ಕೊನೆಯ ಸುತ್ತಿಗೆ ನಾಲ್ಕು ಜನ ಸೇರಿರುತ್ತಾರೆ.

ಗಿಣಿಗೇರಾದ ಆಫರ್ ಒಂದು ವಾರದೊಳಗೆ ಬಂತು, ಹಳೆಯ ಸಂಬಳಕ್ಕಿಂತ ನಾಲ್ಕು ಸಾವಿರದಷ್ಟು ಹೆಚ್ಚು. ತೋರಣಗಲ್ಲಿನವರು ಇನ್ನೂ ಆಲೋಚಿಸುತ್ತಿದ್ದರು. ಆ ಆಫರ್ ಕೈಯಲ್ಲಿದೆ ಎಂದು ಅವರಿಗೆ ತಿಳಿಸಿದ ಮೇಲೆ ಅವರ ಕಾಗದವೂ ಹೊರಟಿತು. ಗಿಣಿಗೇರಾದವರಿಗೆ ಬೇಡವೆಂದು ಬರೆದದ್ದು ಮಾತ್ರ ಮೊದಲಿನದಕ್ಕಿಂತ ಕಷ್ಟದ ಪತ್ರ. ಅದಕ್ಕೂ ಅದೇ ಎಚ್‌ಆರ್ ಎರಡು ಸಾಲಿನ ಉತ್ತರ ಕಳುಹಿಸಿದರು.